ಅಪ್ಪನಿಗೆ ಬರೆದ ಕಾಗದ

"ಎರಡು ಕಾರಲ್ಲೂ ಏರ್‌ಬ್ಯಾಗ್ ಇದೆಯಲ್ಲ ಮಗಳೇ, ಮತ್ತೆ 70 ಸಾವಿರ ಜಾಸ್ತಿ ಯಾಕೆ?"

ಅಪ್ಪಾ, ಏರ್‌ಬ್ಯಾಗ್ ಲೆಕ್ಕ ಬಿಡಿ, ಕಾರುಗಳನ್ನು ಗುದ್ದಿಸಿ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ವರದಿಯಲ್ಲಿ ಬಾಡಿಶೆಲ್, ಅಂದರೆ ಕಾರಿನ ಚೌಕಟ್ಟಿನ ಬಗ್ಗೆ ಏನಿದೆ ನೋಡಿ. 64 ಕಿ.ಮೀ. ವೇಗದಲ್ಲಿ ಕಾರಿನ ಮೂತಿಯ ಒಂದು ಬದಿಯನ್ನು ತಡೆಗೆ ಗುದ್ದಿಸುತ್ತಾರೆ, ನಮ್ಮ ಬದಿಯಡ್ಕದ ತಿರುವಲ್ಲಿ ಎದುರಿನ ಗಾಡಿ ನಮ್ಮ ಬದಿಗೆ ನುಗ್ಗಿದರೆ ಆಗುವುದೂ ಹೆಚ್ಚುಕಡಿಮೆ ಅದೇ ಅಲ್ವಾ. ನೀವು ಹೇಳುವ ಕಾರಿನದು 'ಅನ್‌ಸ್ಟೇಬಲ್'. ಅಂದರೆ ಅದಕ್ಕಿಂತ ಜಾಸ್ತಿ ಹೊಡೆತ ತಡೆಯುವ ಶಕ್ತಿ ಆ ಚೌಕಟ್ಟಿಗೆ ಇಲ್ಲ. ಇನ್ನೂ ಜೋರಾಗಿ ಗುದ್ದಿದರೆ ಸ್ಟೇರಿಂಗ್ ಎದೆಗೆ, ಪೆಡಲ್ ಕಾಲಿಗೆ ಬರಬಹುದು. ಏರ್‌ಬ್ಯಾಗ್ ಬಿಚ್ಚಿಕೊಂಡರೂ ಕೂತವರಿಗೆ ಜಾಗ ಉಳಿಯಬೇಕಲ್ಲ?

ಗಟ್ಟಿ ಕಾರಿನದ್ದೇ ಕಡಿಮೆ ಬೆಲೆಯ ಮಾದರಿ ತಗೊಳ್ಳೋಣ, ಬಾಡಿ ಅದೇ. ಅಲಾಯ್ ಚಕ್ರ, ದೊಡ್ಡ ಸ್ಕ್ರೀನ್ ಎಲ್ಲ ಸುಮ್ನೆ. ಆದರೂ ಕಡಿಮೆ ಬಿದ್ದರೆ ನಾನು ಕೊಡುತ್ತೇನೆ, ಅಡಿಕೆ ದುಡ್ಡು ಮುಟ್ಟಬೇಡಿ.