ಇಬ್ಬರು ಹಾಲು ಕಳಿಸು

ಗದ್ದೆ ಬದುವಿನ ಮೇಲೆ ನಿಂತ ಅಣ್ಣ, ಮಾತನ್ನು ಬರಹವಾಗಿಸುವ ಫೋನಿನ ಮೈಕ್ ಒತ್ತಿ, ಮನೆಯಲ್ಲಿರುವ ತಮ್ಮನಿಗೆ ಹೇಳಿದ್ದು ಇಷ್ಟು: "ನಾಳೆ ನಾಲೆಗೆ ನೀರು ಬಿಡ್ತಾರೆ, ಇಬ್ರು ಆಳು ಕಳ್ಸು ತಮ್ಮಾ, ಅಷ್ಟರಲ್ಲಿ ಕಳೆ ಕೀಳ್ಬೇಕು." ತಮ್ಮನ ಫೋನಿಗೆ ಬಂದಿದ್ದು: "ನಾಲೆ ನಾಳೆಗೆ ನೀರು ಬಿಡ್ತಾರೆ, ಇಬ್ಬರು ಹಾಲು ಕಳಿಸು ತಮ್ಮ, ಅಷ್ಟರಲ್ಲಿ ಕಲೆ ಕೀಳಬೇಕು."

ಮಂಡ್ಯ ಸೀಮೆಯಲ್ಲಿ ಇಂಥ ಸಂದೇಶಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಬರೆದಿದ್ದನ್ನು ಗಟ್ಟಿಯಾಗಿ ಓದಿ, ಲ ಇದ್ದಲ್ಲಿ ಳ, ಳ ಇದ್ದಲ್ಲಿ ಲ ಹಾಕಿ ನೋಡಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ ವ್ಯಾಕರಣವಿದೆ. ಹಾಲನ್ನು ಯಾರೂ "ಇಬ್ಬರು" ಎಂದು ಎಣಿಸುವುದಿಲ್ಲ, ಲೀಟರಿನಲ್ಲಿ ಅಳೆಯುತ್ತಾರೆ. "ಇಬ್ಬರು" ಬಂತೆಂದರೆ ಮುಂದೆ ಮನುಷ್ಯರೇ ಇರಬೇಕು, ಹಾಗಾಗಿ ಅದು ಆಳು. ಹಾಗೆಯೇ "ಕೀಳಬೇಕು" ಎಂಬ ಕ್ರಿಯಾಪದ ಕಲೆಯನ್ನು ಕಳೆಯಾಗಿಸುತ್ತದೆ. ಕಲಾವಿದರು ನಿರಾಳವಾಗಿರಬಹುದು.

ತಪ್ಪು ಯಂತ್ರದ್ದೊಂದೇ ಅಲ್ಲ. ಲ ಹೇಳುವಾಗ ನಾಲಿಗೆಯ ತುದಿ ಹಲ್ಲಿನ ಬುಡದ ಹತ್ತಿರ ತಾಗುತ್ತದೆ, ಳ ಹೇಳುವಾಗ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಬಾಯೊಳಗೆ ಇದು ದೊಡ್ಡ ವ್ಯತ್ಯಾಸವಾದರೂ ಧ್ವನಿಯಲ್ಲಿ ಸಣ್ಣದು. ಗದ್ದೆಯ ಗಾಳಿ, ಪಂಪ್‌ಸೆಟ್ಟಿನ ಸದ್ದು ಸೇರಿದರೆ ಅಷ್ಟೂ ಅಳಿಸಿಹೋಗುತ್ತದೆ. ಕಿವಿಗೆ ಸಿಗದಿದ್ದನ್ನು ಯಂತ್ರ ಊಹಿಸುತ್ತದೆ: ತಾನು ಕಲಿತ ಬರಹದಲ್ಲಿ ಯಾವ ಪದ ಹೆಚ್ಚಾಗಿ ಬಂದಿದೆಯೋ ಅದರತ್ತ ವಾಲುತ್ತದೆ.

ಹಕಾರದ ತಕರಾರು ಬೇರೆ. ಈ ಕಡೆ ಹಾಲು "ಆಲು", ಹಸು "ಅಸು". ಹಾಗಾಗಿ ನಾವು ಹೇಳದ ಹಕಾರವನ್ನೂ ಯಂತ್ರ ತಾನೇ ಸೇರಿಸಿ ಬರೆದುಕೊಂಡರೆ ಹಾಲು ಕೇಳಿದವರಿಗೆ ಹಾಲೂ ಸಿಗುತ್ತದೆ, ಆಳು ಕೇಳಿದವರಿಗೂ ಹಾಲೇ ಸಿಗುತ್ತದೆ. ಇನ್ನು ಒಂದು ಮಾತ್ರೆಯ ಹ್ರಸ್ವ, ಎರಡು ಮಾತ್ರೆಯ ದೀರ್ಘ ಎಂಬ ಛಂದಸ್ಸಿನ ಲೆಕ್ಕ ಅವಸರದ ಮಾತಿನಲ್ಲಿ ಯಾರಿಗೆ ನೆನಪಿರುತ್ತದೆ? ಬೆಳೆ, ಬೇಳೆ ಒಂದೇ ಚೀಲ ಸೇರುತ್ತವೆ.

ಕಳಿಸುವವರು ಒಂದು ಉಪಾಯ ಮಾಡಬಹುದು: ಅನುಮಾನದ ಪದಕ್ಕೆ ಜೊತೆಗಾರನನ್ನು ಕೊಡುವುದು. ಬರೀ "ನಾಳೆ" ಬದಲು "ನಾಳೆ ಬೆಳಿಗ್ಗೆ", ಬರೀ "ನಾಲೆ" ಬದಲು "ವಿಶ್ವೇಶ್ವರಯ್ಯ ನಾಲೆ". ಪಕ್ಕದ ಪದ ಗಟ್ಟಿಯಾಗಿದ್ದರೆ ಯಂತ್ರದ ಊಹೆಯೂ ದಾರಿಗೆ ಬರುತ್ತದೆ. "ಚಾನಲ್" ಎಂದು ಜಾಣತನ ತೋರಿಸಿದರೆ ಓದುವವರು ಟಿವಿ ಹಾಕಿಕೊಂಡು ಕೂರುವ ಅಪಾಯವಿದೆ.

"ನಾಳೆ ನೀರು ಬಂತು" ಎಂದು ಬಂದರೆ ಕ್ರಿಯಾಪದದ ಕಾಲವೇ ಗುಟ್ಟು ಬಿಡುತ್ತದೆ, ಅದು ನಾಲೆ. "ನಾಳೆ ನೀರು ಬರುತ್ತೆ" ಎಂದಿದ್ದರೆ ಮಾತ್ರ ಯಾವ ವ್ಯಾಕರಣವೂ ಕೈಹಿಡಿಯದು, ಫೋನ್ ಮಾಡಿಯೇ ಕೇಳಬೇಕು. "ಬೆಳೆ ಬಂದಿಲ್ಲ" ಎಂದು ಬಂದರೆ ಬೆಲೆಯೋ ಬೆಳೆಯೋ ಎಂದು ಕೇಳುವ ಗೋಜಿಗೂ ಹೋಗಬೇಡಿ. ಕೆಟ್ಟ ವರ್ಷದಲ್ಲಿ ಎರಡೂ ನಿಜವೇ ಇರುತ್ತದೆ.