ಸೇಲ್ಸ್ ಕೆಲಸಕ್ಕೆ ರೋಲ್ ಪ್ಲೇ ಅಂಕ ನೋಡಿ ಆರಿಸಬಹುದೇ?

ಪರ: ಮಾತು ಸಾಕು, ಮಾರಿ ತೋರಿಸಲಿ

ಸೇಲ್ಸ್ ಇಂಟರ್ವ್ಯೂಗೆ ಬರುವವರಿಗೆ ಮಾತೇ ಬಂಡವಾಳ. "ಹೋದ ವರ್ಷ ಟಾರ್ಗೆಟ್ ದಾಟಿದ್ದೆ" ಅಂತ ಎದುರು ಕೂತವರು ತಲೆದೂಗುವ ಹಾಗೆ ಹೇಳುತ್ತಾರೆ. ಆ ಟಾರ್ಗೆಟ್ ಎಷ್ಟಿತ್ತು, ಗಿರಾಕಿಗಳು ತಾವಾಗಿಯೇ ಬಂದರೋ ಇವರೇ ಹುಡುಕಿ ತಂದರೋ, ನಮಗೆ ಗೊತ್ತಾಗುವುದಿಲ್ಲ. ಕೊನೆಗೆ ನಾವು ಆರಿಸುವುದು ತನ್ನನ್ನು ತಾನು ಚೆನ್ನಾಗಿ ಮಾರಿಕೊಂಡವರನ್ನು. ಸರಕು ಮಾರುವುದು ಬೇರೆ ಕೆಲಸ ಅಲ್ವಾ?

ಅದಕ್ಕೇ ನಾನು ರೋಲ್ ಪ್ಲೇ ಪರ. ನಾವು ಮಾಡುವ ಕ್ರಮ ಹೇಳುತ್ತೇನೆ. ಅಭ್ಯರ್ಥಿಗೆ ಹಿಂದಿನ ದಿನವೇ ಒಂದು ಪುಟದ ವಿವರ ಕೊಡುತ್ತೇವೆ. ಮಾರಬೇಕಾದದ್ದು ಹಾಜರಾತಿ ಸಾಫ್ಟ್‌ವೇರ್. ಎದುರಿಗಿರುವುದು 200 ಜನ ಕೆಲಸ ಮಾಡುವ ಕಾರ್ಖಾನೆಯ ಮ್ಯಾನೇಜರ್. ಮೊದಲ ಭೇಟಿ, 15 ನಿಮಿಷ. ಮ್ಯಾನೇಜರ್ ಪಾತ್ರ ಮಾಡುವವರ ಕೈಯಲ್ಲಿ ಬೇರೆಯೇ ಒಂದು ಪುಟ ಇರುತ್ತದೆ. ಅದರಲ್ಲಿ ಒಂದು ಗುಟ್ಟಿದೆ: ಈ ಕಾರ್ಖಾನೆಯ ನಿಜವಾದ ತಲೆನೋವು ಹಾಜರಾತಿ ಅಲ್ಲ, ಓವರ್‌ಟೈಮ್ ಲೆಕ್ಕ. ತಿಂಗಳ ಕೊನೆಗೆ ಇಬ್ಬರು ಕ್ಲರ್ಕ್‌ಗಳು 3 ದಿನ ಅದರಲ್ಲೇ ಮುಳುಗಿರುತ್ತಾರೆ, ಆಮೇಲೂ ಜಗಳ ತಪ್ಪುವುದಿಲ್ಲ. ಈ ವಿಷಯವನ್ನು ಕೇಳಿದರೆ ಮಾತ್ರ ಹೇಳಬೇಕು.

ಅಂಕ ಹಾಕುವವರು ಬೇರೆ ಇಬ್ಬರು. ಅವರು ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಾರೆ, ಬಾಯಿ ಬಿಡುವ ಹಾಗಿಲ್ಲ. ಹಾಳೆಯಲ್ಲಿ ಐದೇ ಸಾಲು: ಎಂಥ ಪ್ರಶ್ನೆ ಕೇಳಿದರು, ಉತ್ತರವನ್ನು ಕೇಳಿಸಿಕೊಂಡರಾ, ಗಿರಾಕಿಯ ತೊಂದರೆಗೂ ಸರಕಿಗೂ ಗಂಟು ಹಾಕಿದರಾ, "ದುಬಾರಿ" ಎಂದಾಗ ಏನು ಮಾಡಿದರು, ಮುಂದಿನ ಹೆಜ್ಜೆ ಗೊತ್ತುಮಾಡಿದರಾ. ಪ್ರತಿ ಸಾಲಿಗೆ 1ರಿಂದ 4 ಅಂಕ. 5ರವರೆಗೆ ಇಟ್ಟರೆ ಕಷ್ಟ, ಅನುಮಾನ ಬಂದಾಗಲೆಲ್ಲ ಜನ ನಡುವಿನ 3 ಹಾಕಿ ಕೈತೊಳೆದುಕೊಳ್ಳುತ್ತಾರೆ.

ಬರೀ ಅಂಕ ಇದ್ದರೂ ಸಾಲದು, ಅದರ ಅರ್ಥ ಹಾಳೆಯ ಮೇಲೇ ಬರೆದಿರಬೇಕು. ಬೆಲೆಯ ಸಾಲನ್ನೇ ನೋಡಿ. "ದುಬಾರಿ" ಎಂದ ತಕ್ಷಣ ರಿಯಾಯಿತಿ ಕೊಟ್ಟರೆ 1. ಸಾಫ್ಟ್‌ವೇರ್‌ನ ಗುಣಗಾನವನ್ನೇ ಮತ್ತೆ ಶುರು ಮಾಡಿದರೆ 2. "ಯಾವುದಕ್ಕೆ ಹೋಲಿಸಿದರೆ ದುಬಾರಿ ಅನ್ನಿಸುತ್ತೆ ಸಾರ್?" ಅಂತ ಕೇಳಿದರೆ 3. ಹಾಗೆ ಕೇಳಿ, ಆ ಇಬ್ಬರು ಕ್ಲರ್ಕ್‌ಗಳ 3 ದಿನದ ಖರ್ಚನ್ನು ಎದುರಿಗೇ ಲೆಕ್ಕ ಹಾಕಿ ತೋರಿಸಿದರೆ 4. ಹೀಗಿದ್ದಾಗ "ಯಾಕೋ ಹಿಡಿಸಿದರು" ಅನ್ನುವುದಕ್ಕೆ ಹಾಳೆಯಲ್ಲಿ ಜಾಗವೇ ಇಲ್ಲ.

ಒಮ್ಮೆ ಒಂದೇ ದಿನ ಇಬ್ಬರು ಬಂದರು. ಮೊದಲನೆಯವರು ಇಂಟರ್ವ್ಯೂನಲ್ಲಿ ಎಲ್ಲರ ಮನಸ್ಸು ಗೆದ್ದಿದ್ದರು. ರೋಲ್ ಪ್ಲೇನಲ್ಲಿ 15 ನಿಮಿಷದ ಪೈಕಿ 11 ನಿಮಿಷ ಅವರದೇ ಮಾತು. ಬೆರಳಚ್ಚು, ಮುಖ ಗುರುತು, ಮೊಬೈಲ್ ಆ್ಯಪ್, ಒಂದೂ ಬಿಡಲಿಲ್ಲ. ಓವರ್‌ಟೈಮ್ ವಿಷಯ ಹೊರಗೆ ಬರಲೇ ಇಲ್ಲ. 20ಕ್ಕೆ 9. ಎರಡನೆಯವರು ಸ್ವಲ್ಪ ತಡವರಿಸುತ್ತಿದ್ದರು. ಆದರೆ ಮೂರನೇ ನಿಮಿಷಕ್ಕೇ "ತಿಂಗಳ ಕೊನೆಗೆ ಸಂಬಳ ಮಾಡುವಾಗ ಏನಾಗುತ್ತೆ ಸಾರ್?" ಅಂತ ಕೇಳಿದರು. ಗುಟ್ಟು ಅಲ್ಲೇ ಬಿಚ್ಚಿತು. ಮಾತು ಮುಗಿಸುವಾಗ ಮಾತ್ರ "ಯೋಚಿಸಿ ಹೇಳಿ" ಅಂತ ಎದ್ದುಬಿಟ್ಟರು. 16.

ನನಗೆ ತುಂಬಾ ಮುಖ್ಯ ಅನ್ನಿಸುವ ಹಂತ ಆಮೇಲಿನದು. ಅವರಿಗೆ ಒಂದೇ ಮಾತು ಹೇಳಿದೆವು: "ಕೊನೆಗೆ ಮುಂದಿನ ಭೇಟಿ ಗೊತ್ತುಮಾಡಲಿಲ್ಲ." 5 ನಿಮಿಷ ಬಿಟ್ಟು ಕೊನೆಯ ಭಾಗವನ್ನು ಮತ್ತೆ ಮಾಡಿಸಿದೆವು. ಈ ಸಲ ಅವರು, "ಮಂಗಳವಾರ ಆ ಇಬ್ಬರು ಕ್ಲರ್ಕ್‌ಗಳನ್ನೂ ಕೂರಿಸಿಕೊಂಡು ಅರ್ಧ ಗಂಟೆ ತೋರಿಸಲಾ?" ಅಂದರು. ಹೇಳಿದ್ದನ್ನು ತಿದ್ದಿಕೊಳ್ಳುತ್ತಾರಾ ಅನ್ನುವುದು ಯಾವ ಬಯೋಡೇಟಾದಲ್ಲಿ ಸಿಗುತ್ತೆ ಹೇಳಿ?

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಪರೀಕ್ಷೆಗೂ ಮುಂದಿನ ಕೆಲಸಕ್ಕೂ ಎಷ್ಟು ತಾಳೆ ಎಂಬ ಅಳತೆಯಲ್ಲಿ, ಕೆಲಸದ ತುಣುಕನ್ನೇ ಮಾಡಿಸಿ ನೋಡುವ ಪರೀಕ್ಷೆಗೆ 0.54 ಬಂತು. ತಯಾರಿಯಿಲ್ಲದೆ ನಡೆಸುವ ಇಂಟರ್ವ್ಯೂಗೆ 0.38.

ವಿರೋಧ: ಆ 15 ನಿಮಿಷ ಯಾರ ಜೀವನದಲ್ಲೂ ಮಾಮೂಲಿ ದಿನವಲ್ಲ

ಆ 0.54ರಿಂದಲೇ ಶುರು ಮಾಡುತ್ತೇನೆ. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು ಅದೇ ಬಗೆಯ ಲೆಕ್ಕವನ್ನು ಮತ್ತೆ ಮಾಡಿದರು. ಹಳೆಯ ಅಂಕಿಗಳು ಹಲವು ಕಡೆ ಉಬ್ಬಿದ್ದವು ಅನ್ನುವುದು ಅವರ ವಾದ. ಕೆಲಸದ ತುಣುಕಿನ ಪರೀಕ್ಷೆ 0.33ಕ್ಕೆ ಇಳಿಯಿತು. ಪ್ರಶ್ನೆಗಳನ್ನು ಮೊದಲೇ ಗೊತ್ತುಮಾಡಿ ಎಲ್ಲರಿಗೂ ಒಂದೇ ರೀತಿ ಕೇಳುವ ಇಂಟರ್ವ್ಯೂ 0.42ರಲ್ಲಿ ಮೇಲೆ ಬಂತು. ಅಂದರೆ ರೋಲ್ ಪ್ಲೇಯನ್ನು ಹರಟೆಯ ಇಂಟರ್ವ್ಯೂ ಪಕ್ಕ ನಿಲ್ಲಿಸಿ ಗೆದ್ದಿತು ಅನ್ನುವುದು ಸರಿಯಾದ ಹೋಲಿಕೆ ಅಲ್ಲ.

ನನ್ನ ದೊಡ್ಡ ತಕರಾರು ಬೇರೆ. ಇದೇ ಸ್ಯಾಕೆಟ್ ಮತ್ತು ಜೊತೆಗಾರರು 1988ರಲ್ಲಿ ಸೂಪರ್‌ಮಾರ್ಕೆಟ್ ಕ್ಯಾಷಿಯರ್‌ಗಳನ್ನು ಗಮನಿಸಿದ್ದರು. ಪರೀಕ್ಷೆ ಅಂತ ಗೊತ್ತಿದ್ದಾಗ ಅವರು ತೋರಿಸಿದ ವೇಗಕ್ಕೂ ದಿನಾ ಕೌಂಟರ್‌ನಲ್ಲಿ ಮಾಡುವ ವೇಗಕ್ಕೂ ಹೊಂದಾಣಿಕೆ ತೀರಾ ಕಡಿಮೆ ಇತ್ತು. ಜೋರಾಗಿ ಓಡಬಲ್ಲವರೆಲ್ಲ ದಿನಾ ಓಡುವುದಿಲ್ಲ, ಅಷ್ಟೆ. ರೋಲ್ ಪ್ಲೇ ತೋರಿಸುವುದು ಮಾಡಬಲ್ಲರಾ ಅನ್ನುವುದನ್ನು. ಸೇಲ್ಸ್‌ನಲ್ಲಿ ಸೋಲು ಹೆಚ್ಚಾಗಿ ಬರುವುದು ಮಾಡಬಲ್ಲದ್ದನ್ನೂ ಮಾಡದೇ ಇರುವುದರಿಂದ.

ನಾನೇ ಪೆಟ್ಟು ತಿಂದಿದ್ದೇನೆ. 20ಕ್ಕೆ 18 ತೆಗೆದವರನ್ನು ಸೇರಿಸಿಕೊಂಡೆ. ಭೇಟಿಗೆ ಕೂತರೆ ಅದ್ಭುತ. ಆದರೆ ಮೂರನೇ ತಿಂಗಳು ಅವರ ಪಟ್ಟಿ ತೆಗೆದು ನೋಡಿದರೆ, ಅರ್ಧಕ್ಕರ್ಧ ಗಿರಾಕಿಗಳಿಗೆ ಮೊದಲ ಭೇಟಿಯ ನಂತರ ಒಂದು ಫೋನೂ ಹೋಗಿರಲಿಲ್ಲ. ಬೇಡ ಅಂದವರಿಗೆ ಎರಡು ವಾರ ಬಿಟ್ಟು ಮತ್ತೆ ಫೋನ್ ಮಾಡುವುದು, ಹೇಳಿದ ದಿನ ಕೊಟೇಶನ್ ಕಳಿಸುವುದು, ಬೆಳಗ್ಗೆ ಎದ್ದು ಅಪರಿಚಿತರಿಗೆ ಫೋನ್ ಹಚ್ಚುವುದು, ಇವು ಯಾವುವೂ ಹಾಳೆಯ ಐದು ಸಾಲಿನಲ್ಲಿ ಇರಲಿಲ್ಲ. 15 ನಿಮಿಷದ ಆಟದಲ್ಲಿ ಅವನ್ನು ನೋಡುವ ದಾರಿಯೂ ಇಲ್ಲ. ನಾನು 11 ಅಂಕಕ್ಕೆ ಕೈಬಿಟ್ಟವರು ಹೇಗೆ ಮಾಡುತ್ತಿದ್ದರೋ, ಅದು ನನಗೆ ಎಂದೂ ಗೊತ್ತಾಗುವುದಿಲ್ಲ. ಹಾಳೆ ಸರಿಯಿದೆ ಅಂತ ನಂಬುವುದು ಸುಲಭ ಆಗುವುದೇ ಇದರಿಂದ.

ಇನ್ನು ಗಿರಾಕಿಯ ಪಾತ್ರ. ಬೆಳಗ್ಗೆ 10ಕ್ಕೆ ಬಿಗಿಯಾಗಿ ಕೂತ "ಮ್ಯಾನೇಜರ್" ಮಧ್ಯಾಹ್ನ ನಾಲ್ಕನೇ ಅಭ್ಯರ್ಥಿ ಹೊತ್ತಿಗೆ ಸುಸ್ತಾಗಿರುತ್ತಾರೆ. ಅಭ್ಯರ್ಥಿ "ನಿಮಗೆ ಏನು ತೊಂದರೆ?" ಅಂತ ಸುಮ್ನೆ ಕೇಳಿದರೂ ಓವರ್‌ಟೈಮ್ ಕಥೆ ಪೂರ್ತಿ ಹೇಳಿಬಿಡುತ್ತಾರೆ. ಅಂಕ ಏರುತ್ತದೆ. ಹಾಳೆ ಅಳೆದದ್ದು ಯಾರನ್ನು? ಇದು ನಡೆಯುತ್ತಿದೆಯಾ ಅಂತ ತಿಳಿಯಲು ಗುಟ್ಟು ಹೊರಬಿದ್ದ ನಿಮಿಷವನ್ನೂ, ಅದಕ್ಕೆ ಮುಂಚಿನ ಪ್ರಶ್ನೆಯನ್ನೂ ಬರೆದಿಡಿ. ಸಂಜೆಯ ಹಾಳೆಗಳಲ್ಲಿ ಪೊಳ್ಳು ಪ್ರಶ್ನೆಗೇ ಗುಟ್ಟು ಬಿಚ್ಚಿದ್ದರೆ ಅಂದಿನ ಅಂಕಗಳನ್ನು ಒಂದರ ಪಕ್ಕ ಒಂದು ಇಡಬೇಡಿ.

ಒಟ್ಟು ಅಂಕದ ಮೇಲೂ ನನಗೆ ನಂಬಿಕೆ ಇಲ್ಲ. ಪ್ರಶ್ನೆಯ ಸಾಲಿಗೆ 1, ಉಳಿದ ನಾಲ್ಕಕ್ಕೂ 4 ಬಂದರೆ 17 ಆಗುತ್ತದೆ. ಪ್ರಶ್ನೆ ಕೇಳುವುದರಲ್ಲೇ ಸೋತವರು 16 ತೆಗೆದವರಿಗಿಂತ ಮುಂದೆ! ನಾನೀಗ ಕೂಡುವುದನ್ನೇ ಬಿಟ್ಟಿದ್ದೇನೆ. ಪ್ರಶ್ನೆಯ ಸಾಲಿನಲ್ಲಿ 1 ಬಂದವರನ್ನು ಮಾತ್ರ ಅಲ್ಲಿಗೇ ಕೈಬಿಡುತ್ತೇನೆ. ಉಳಿದವರಿಗೆಲ್ಲ ಹೊರಡುವಾಗ ಒಂದು ಮಾತು ಹೇಳುತ್ತೇನೆ: "ಇವತ್ತಿನ ಭೇಟಿಯ ಬಗ್ಗೆ ಆ ಮ್ಯಾನೇಜರ್‌ಗೆ ನಾಳೆ 12ರ ಒಳಗೆ ಒಂದು ಮೇಲ್ ಹಾಕಿ." ಆಮೇಲೆ ನೆನಪಿಸುವುದಿಲ್ಲ. ಮಾರನೇ ದಿನ ಮಧ್ಯಾಹ್ನ ಇನ್‌ಬಾಕ್ಸ್ ತೆರೆದು ನೋಡುತ್ತೇನೆ.