ಬುಗುಡಿ ತೂತು

ನನ್ನ ಕಿವಿಗೆ ಮೊದಲ ತೂತು ಬಿದ್ದದ್ದು 11 ತಿಂಗಳ ಕೂಸಾಗಿದ್ದಾಗ. ಸೋದರಮಾವನ ತೊಡೆ ಮೇಲೆ ಕೂರಿಸಿ, ಬಾಯಿಗೆ ಬೆಲ್ಲದ ಚೂರು ಇಟ್ಟು, ಅಕ್ಕಸಾಲಿ ಚಿನ್ನದ ತಂತಿಯಲ್ಲಿ ಚುಚ್ಚಿದ್ದನಂತೆ. ಎರಡನೆಯ ಸಲ ಚುಚ್ಚಿಸಿಕೊಂಡದ್ದು 43ನೇ ವಯಸ್ಸಿನಲ್ಲಿ, ಬಲಗಿವಿಯ ಮೇಲಂಚಿಗೆ. ಆಗ ಬೆಲ್ಲ ಕೊಡುವವರು ಯಾರೂ ಇರಲಿಲ್ಲ.

ಇದಕ್ಕೆಲ್ಲ ಕಾರಣ ಅಣ್ಣನ ಮಗಳು. "ಅತ್ತೆ, ನಾನು ಹೀಲಿಕ್ಸ್ ಮಾಡಿಸ್ಕೋತೀನಿ" ಅಂದಳು. ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದವಳು ತಲೆ ಎತ್ತಿ, "ಹೀಲಿಕ್ಸೂ ಇಲ್ಲ ಗೀಲಿಕ್ಸೂ ಇಲ್ಲ, ಅದು ಬುಗುಡಿ ತೂತು ಕಣೇ. ನಮ್ಮಮ್ಮನಿಗೆ ಎರಡೂ ಕಿವೀಲಿತ್ತು" ಅಂದಳು. ಅಜ್ಜಿಯ ಬುಗುಡಿ ಇನ್ನೂ ಪೆಟ್ಟಿಗೆಯಲ್ಲಿದೆ ಅಂತ ಆವತ್ತೇ ಗೊತ್ತಾದದ್ದು. ನನಗೂ ಆಸೆ ಹುಟ್ಟಿತು.

ಹುಡುಗಿಗೆ ಅವಸರ. ಮರುದಿನವೇ ಒಂದು ಒಡವೆ ಅಂಗಡಿಯಲ್ಲಿ ಗನ್ನಿನಿಂದ ಟಪ್ ಅಂತ ಹೊಡೆಸಿಕೊಂಡು ಬಂದಳು. ನಾನು ಹೆದರುಪುಕ್ಕಲಿ. ನಾಲ್ಕು ಕಡೆ ವಿಚಾರಿಸಿ, ಸೂಜಿಯಲ್ಲಿ ಚುಚ್ಚುವವನೊಬ್ಬನನ್ನು ಹುಡುಕಿಕೊಂಡು ಹೋದೆ. ಒಂದೇ ವಾರದ ಅಂತರದಲ್ಲಿ ಒಂದೇ ಮನೆಯ ಎರಡು ಕಿವಿಗಳು ಬೇರೆ ಬೇರೆ ದಾರಿ ಹಿಡಿದವು.

ಚುಚ್ಚುವ ಮುಂಚೆ ಆತ ನನ್ನ ಕಿವಿಯನ್ನು ಮಡಚಿ ತೋರಿಸಿದ. ಕೆಳಗಿನ ಹಾಲೆ ಬರೀ ಚರ್ಮ, ಕೊಬ್ಬು. ರಕ್ತ ಚೆನ್ನಾಗಿ ಓಡಾಡುತ್ತೆ, ಆರೆಂಟು ವಾರದಲ್ಲಿ ಮಾಯುತ್ತೆ. ಮೇಲಿನದು ಮೃದ್ವಸ್ಥಿ. ಅದರೊಳಗೆ ರಕ್ತನಾಳವೇ ಇಲ್ಲ, ಮೇಲೆ ಹೊದ್ದಿರುವ ತೆಳು ಪೊರೆಯಿಂದಲೇ ಅದಕ್ಕೆ ಊಟ. ಹಾಗಾಗಿ ಗಾಯ ಆರುವುದಕ್ಕೆ ಆರು ತಿಂಗಳಿಂದ ಒಂದು ವರ್ಷ. ಟೊಳ್ಳು ಸೂಜಿ ಚೂಪಾಗಿ ಕತ್ತರಿಸಿಕೊಂಡು ಹೋಗುತ್ತದೆ, ಒಬ್ಬರಿಗೆ ಬಳಸಿ ಎಸೆಯುತ್ತಾರೆ. ಗನ್ ಹಾಗಲ್ಲ. ಸ್ಪ್ರಿಂಗಿನ ಬಲದಿಂದ ಮೊಂಡು ಕಡ್ಡಿಯನ್ನೇ ಒಳಗೆ ನುಗ್ಗಿಸುತ್ತದೆ, ಮೃದ್ವಸ್ಥಿ ಬಿರುಕು ಬಿಡಬಹುದು. ಮೇಲಾಗಿ ಪ್ಲಾಸ್ಟಿಕ್ಕಿನ ಗನ್ನನ್ನು ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿನಲ್ಲಿ ಇಟ್ಟರೆ ಕರಗಿಹೋಗುತ್ತದೆ. ಬರೀ ಒರೆಸಿ ಮುಂದಿನವರಿಗೆ ಹಿಡಿಯುತ್ತಾರೆ.

ಆತ ಹಾಕಿದ್ದು ಟೈಟಾನಿಯಂ ಕಡ್ಡಿ, 8 ಮಿಲಿಮೀಟರ್ ಉದ್ದ. ಬೂದು ಬಣ್ಣ, ಹಗುರ, ನೋಡಲು ಏನೂ ಚೆಂದವಿಲ್ಲ. ಮೂಳೆಗೆ ಹಾಕುವ ಸ್ಕ್ರೂಗಳಲ್ಲೂ ಬಳಸುವ ದರ್ಜೆಯದು. ಪೊಟ್ಟಣದ ಮೇಲೆ ಆ ದರ್ಜೆಯ ಗುರುತು, ASTM F136 ಅಂತ ಬರೆದಿತ್ತು. "ಇಷ್ಟುದ್ದ ಯಾಕಪ್ಪಾ?" ಅಂದೆ. "ನಾಳೆ ಊದುತ್ತೆ ಮೇಡಂ, ಜಾಗ ಬೇಕಲ್ವಾ" ಅಂದ. ಎರಡು ತಿಂಗಳಿಗೆ ಊತ ಇಳಿದ ಮೇಲೆ ಅವನೇ 6 ಮಿಲಿಮೀಟರಿನದಕ್ಕೆ ಬದಲಿಸಿದ. ಉದ್ದದ್ದನ್ನು ಹಾಗೇ ಬಿಟ್ಟರೆ ಕೂದಲಿಗೆ, ಟವೆಲಿಗೆ, ಹೆಲ್ಮೆಟ್ಟಿಗೆ ಸಿಕ್ಕಿ ಸಿಕ್ಕಿ ತೂತು ಓರೆಯಾಗುತ್ತದಂತೆ. ಹೆಲ್ಮೆಟ್ ವಿಷಯ ನನಗೆ ಎರಡನೆಯ ದಿನವೇ ಅರ್ಥವಾಯಿತು. ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಎಳೆದು, ಪಾರ್ಕಿಂಗಿನಲ್ಲಿ ನಿಂತು ದೇವರನ್ನೆಲ್ಲ ಕರೆದೆ. ಮಲಗುವುದಕ್ಕೆ ಬಸ್ ಪ್ರಯಾಣದ ಕತ್ತಿನ ದಿಂಬು ಬಂತು. ಅದರ ನಡುವಿನ ಖಾಲಿ ಜಾಗದಲ್ಲಿ ಕಿವಿ ಇಟ್ಟುಕೊಂಡು ಮಲಗಿದೆ.

ಆರೈಕೆಯಲ್ಲಿ ಅಮ್ಮನಿಗೂ ನನಗೂ ದಿನಾ ಜಗಳ. ಅವಳದು ಕೊಬ್ಬರಿ ಎಣ್ಣೆ, ಅರಿಶಿನ, "ದಿನಾ ತಿರುಗಿಸ್ತಾ ಇರು, ಅಂಟ್ಕೊಳ್ಳುತ್ತೆ." ಚುಚ್ಚಿದವನದು ಮೆಡಿಕಲ್ ಶಾಪಿನ ನಾರ್ಮಲ್ ಸಲೈನ್, ದಿನಕ್ಕೆ ಎರಡು ಸಲ, ಬಿಟ್ಟರೆ ಮುಟ್ಟಲೇಬೇಡಿ. ಸುತ್ತ ಕಟ್ಟುವ ಬಿಳಿ ಹೆಕ್ಕಳೆ ಕೀವಲ್ಲ, ಮಾಯುವ ಗಾಯದಿಂದ ಒಸರಿದ ನೀರು ಒಣಗಿದ್ದು. ಕಡ್ಡಿ ತಿರುಗಿಸಿದರೆ ಅದೇ ಹೆಕ್ಕಳೆ ಒಳಗೆ ಹೋಗಿ, ಆಗಷ್ಟೇ ಕಟ್ಟಿದ ಎಳೆ ಚರ್ಮವನ್ನು ಗೀರುತ್ತದೆ. ಅಮ್ಮ ಒಪ್ಪಲಿಲ್ಲ. ನಾನು ಅವಳ ಎದುರಿಗೆ ತಿರುಗಿಸಿದ ಹಾಗೆ ನಟಿಸಿದೆ.

ಇತ್ತ ಹುಡುಗಿಯ ಕಿವಿ ಆರನೇ ವಾರಕ್ಕೆ ನೋಡಲು ಪೂರ್ತಿ ಮಾಯ್ದಂತಿತ್ತು. ಇಲ್ಲೇ ಮೋಸ ಹೋಗುವುದು. ತೂತು ಎರಡೂ ಬಾಯಿಂದ ಒಳಗಿನ ಕಡೆಗೆ ಮಾಯುತ್ತಾ ಹೋಗುತ್ತದೆ. ಹೊರಗೆ ನುಣ್ಣಗಿರುವಾಗ ನಡುವೆ ಇನ್ನೂ ಹಸಿ ಗಾಯ. ಚಿಕ್ಕಪ್ಪನ ಮಗನ ಮದುವೆ ಅಂತ ಅವಳು ಕಡ್ಡಿ ತೆಗೆದು ಒನ್ ಗ್ರಾಂ ಗೋಲ್ಡಿನ ರಿಂಗ್ ಸಿಕ್ಕಿಸಿಕೊಂಡಳು. ಧಾರೆಯ ಹೊತ್ತಿಗೆ ತುರಿಕೆ. ಬೀಗರೂಟದ ಹೊತ್ತಿಗೆ ಕಿವಿ ಟೊಮೆಟೊ. ವಾರದೊಳಗೆ ತೂತಿನ ಪಕ್ಕ ಕಡಲೆಬೇಳೆಯಷ್ಟು ಗಂಟು.

ಚರ್ಮದ ಡಾಕ್ಟರು ಕಿವಿ ನೋಡಿ ಕೇಳಿದ ಪ್ರಶ್ನೆ ನನಗೆ ಮರೆಯುವುದಿಲ್ಲ. "ಜೀನ್ಸ್ ಪ್ಯಾಂಟಿನ ಗುಂಡಿ ತಾಗೋ ಕಡೆ ಹೊಟ್ಟೆ ತುರಿಸುತ್ತಾ?" ಹುಡುಗಿ ಬಾಯಿ ಬಿಟ್ಟಳು. ಹೌದು, ಪ್ರತಿ ಬೇಸಿಗೆಯಲ್ಲೂ. ಅದು ನಿಕ್ಕಲ್ ಅಲರ್ಜಿ. ಮೇಲೆ ಚಿನ್ನದ ಲೇಪ, ಕೆಳಗೆ ಅಗ್ಗದ ಲೋಹ. ಬೆವರಿಗೆ, ಗಾಯದ ನೀರಿಗೆ ನಿಕ್ಕಲ್ ಬಿಡುತ್ತದೆ. ದೇಹ ಒಂದು ಸಲ ಅದನ್ನು ಶತ್ರು ಅಂತ ಗುರುತು ಹಾಕಿಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ, ಥೇಟ್ ನಮ್ಮ ದೊಡ್ಡಮ್ಮನ ಹಾಗೆ. ಯುರೋಪಿನಲ್ಲಿ ತೂತಿಗೆ ಹಾಕುವ ಕಡ್ಡಿ ಎಷ್ಟು ನಿಕ್ಕಲ್ ಬಿಡಬಹುದು ಅನ್ನುವುದಕ್ಕೇ ಕಾನೂನಿದೆ: ಒಂದು ಚದರ ಸೆಂಟಿಮೀಟರಿಗೆ ವಾರಕ್ಕೆ 0.2 ಮೈಕ್ರೋಗ್ರಾಂ.

ಒಡವೆ ಅಂಗಡಿಯವನು "ಸರ್ಜಿಕಲ್ ಸ್ಟೀಲ್ ಕೊಡ್ತೀನಿ" ಅಂತ ಆಯಸ್ಕಾಂತ ಹಿಡಿದು ತೋರಿಸಿದ, ಅಂಟಲಿಲ್ಲ. ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ನಿಕ್ಕಲ್ ಬೆರೆತ ಒಳ್ಳೆ ಸ್ಟೀಲೂ ಆಯಸ್ಕಾಂತಕ್ಕೆ ಅಂಟುವುದಿಲ್ಲ, ನಿಕ್ಕಲ್ ಇಲ್ಲದ ಟೈಟಾನಿಯಮ್ಮೂ ಅಂಟುವುದಿಲ್ಲ. ಒಳ್ಳೆ ಸ್ಟೀಲು ನಿಕ್ಕಲ್ ಅನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ ನಿಜ, ಆದರೆ ಅಲರ್ಜಿ ಇದ್ದವರು ಆ ಜೂಜಾಡುವುದು ಬೇಡ. ಹಸಿ ಗಾಯಕ್ಕೆ ಬೆಳ್ಳಿಯೂ ಬೇಡ, ಕಪ್ಪಾಗುತ್ತದೆ. ಹಳೆ ಅಕ್ಕಸಾಲಿಯ ಚಿನ್ನದ ತಂತಿ ಮಾತ್ರ ಸುಮ್ನೆ ಸಂಪ್ರದಾಯವಲ್ಲ. ಅಪ್ಪಟಕ್ಕೆ ಹತ್ತಿರದ ಚಿನ್ನ ಚರ್ಮದ ಜೊತೆ ಅಷ್ಟಾಗಿ ತಕರಾರು ಮಾಡುವುದಿಲ್ಲ. ಬಿಳಿ ಚಿನ್ನ ಅಂದರೆ ಮಾತ್ರ ಕೇಳಿ ತಗೊಳ್ಳಿ, ಕೆಲವಕ್ಕೆ ನಿಕ್ಕಲ್ ಸೇರಿಸುತ್ತಾರೆ.

ಡಾಕ್ಟರು ರಿಂಗ್ ತೆಗೆಸಿ ಖಾಲಿ ಬಿಡಲಿಲ್ಲ, ನನ್ನಂಥದೇ ಟೈಟಾನಿಯಂ ಕಡ್ಡಿ ಹಾಕಿಸಿಕೋ ಅಂದರು. ಖಾಲಿ ಬಿಟ್ಟರೆ ಎಳೆ ತೂತು ಗಂಟೆಗಳಲ್ಲೇ ಕುಗ್ಗುತ್ತದೆ. ಗಂಟು ಎರಡು ತಿಂಗಳಲ್ಲಿ ಇಳಿಯಿತು. ಹೋಗುವಾಗ ಒಂದು ಮಾತು ಹೇಳಿದರು: ಕಿವಿಯ ಮೇಲ್ಭಾಗವೆಲ್ಲ ಬಿಸಿಯಾಗಿ ಊದಿ, ಟಕಟಕ ನೋವು ಬಂದು, ಕೆಳಗಿನ ಹಾಲೆ ಮಾತ್ರ ಚೆನ್ನಾಗಿದ್ದರೆ ಅದು ಮೃದ್ವಸ್ಥಿಯ ಪೊರೆಗೆ ತಗುಲಿದ ಸೋಂಕು. ಅರಿಶಿನ ಹಚ್ಚುತ್ತಾ ಕೂರಬೇಡಿ, ಅವತ್ತೇ ಬನ್ನಿ. ತಡವಾದರೆ ಕಿವಿಯ ಆಕಾರವೇ ಕೆಡುತ್ತದೆ.

ನನ್ನದು ಮಾಯಲು ಹತ್ತು ತಿಂಗಳಾಯಿತು. ಹೆಕ್ಕಳೆ ನಿಂತು ಆರು ವಾರವಾಗಿತ್ತು, ಒತ್ತಿದರೆ ನೋವಿರಲಿಲ್ಲ, ತೂತಿನ ಬಾಯಿ ಒಳಕ್ಕೆ ಮಡಚಿದಂತೆ ನುಣ್ಣಗಾಗಿತ್ತು. ಅಮ್ಮ ಪೆಟ್ಟಿಗೆ ತೆಗೆದು ಅಜ್ಜಿಯ ಬುಗುಡಿಯನ್ನು ಅಂಗೈಗಿಟ್ಟಳು. ಕೆಂಪಿನ ನಡುವೆ ಒಂದು ಮುತ್ತು. ಹಾಕಲು ಹೋದರೆ ಹೋಗಲೊಲ್ಲದು. ಅಜ್ಜಿಯ ಬುಗುಡಿಯ ಕಡ್ಡಿ ನನ್ನ ತೂತಿಗಿಂತ ದಪ್ಪ.

ಅಕ್ಕಸಾಲಿಯ ಹತ್ತಿರ ಹೋದೆವು. "ಕಡ್ಡಿ ಸಣ್ಣ ಮಾಡಿ ಕೊಡ್ಲಾ ಅಮ್ಮಾ?" ಅಂದ.

"ನಮ್ಮಮ್ಮನ ಬುಗುಡಿಗೆ ಅರ ಮುಟ್ಟಿಸಿದ್ರೆ ನೋಡು" ಅಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಇವಳ ತೂತೇ ದೊಡ್ಡದು ಮಾಡು."